ಬಿಳಿಯ ಹತ್ತಿ ಬಟ್ಟೆಗೆ ಹಿಡಿದ ತುಕ್ಕಿನ ಕಲೆ: ನೂಲಿಗೆ ಕೇಡಿಲ್ಲದಂತೆ ತೆಗೆಯುವ ಕ್ರಮ

ಮಲೆನಾಡಿನ ಜಂಬಿಟ್ಟಿಗೆ ನೆಲದ ಒಂದು ಗ್ರಾಮದಲ್ಲಿ ಅಡಿಕೆ ತೋಟದ ಯಜಮಾನರೊಬ್ಬರು ಹೊಸದಾಗಿ ಕೊಳವೆ ಬಾವಿಯನ್ನು ತೋಡಿಸಿದರು. ನೀರು ಯಥೇಚ್ಛವಾಗಿ ಬಂದಿತು. ನೋಡಲು ಸ್ಫಟಿಕದಂತೆ ತಿಳಿಯಾಗಿಯೂ ಇದ್ದಿತು. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಮನೆಯ ಬಿಳಿಯ ಪಂಚೆಗಳೂ ಅಂಗವಸ್ತ್ರಗಳೂ ಹಳದಿ ತಿರುಗಿ, ಕ್ರಮೇಣ ಕಾವಿಯ ಬಣ್ಣಕ್ಕೆ ಬಂದವು. ಮನೆಯವರು ಸಾಬೂನನ್ನು ಹೆಚ್ಚಿಸಿದರು. ಬಣ್ಣವು ಇನ್ನಷ್ಟು ಗಾಢವಾಯಿತು. ಬಳಿಕ ಯಾರೋ ಹೇಳಿದರೆಂದು ಬ್ಲೀಚಿಂಗ್ ಪುಡಿಯನ್ನು ಕದಡಿದ ನೀರಿನಲ್ಲಿ ಎರಡು ಪಂಚೆಗಳನ್ನು ರಾತ್ರಿಯೆಲ್ಲಾ ನೆನೆಹಾಕಿದರು. ಬೆಳಗ್ಗೆ ಬಟ್ಟೆ ಕೊಂಚ ಬೆಳ್ಳಗೆ ಕಂಡು ಸಂತೋಷವಾಯಿತು. ಆದರೆ ಮೂರನೆಯ ಒಗೆತಕ್ಕೆ ಆ ಎರಡು ಪಂಚೆಗಳೂ ಕಲ್ಲಿನ ಮೇಲೆಯೇ ಹರಿದು, ಕಲೆಯಿದ್ದ ಸ್ಥಳಗಳಲ್ಲೆಲ್ಲಾ ಜರಡಿಯಂತೆ ತೂತು ಬಿದ್ದವು.

ಈ ಲೇಖಕನು ಆ ಮನೆಗೆ ಹೋದಾಗ ಅವರು ಇನ್ನೊಂದು ಪಂಚೆಯನ್ನು ತಂದು ತೋರಿಸಿದರು. ಅದು ಯಜಮಾನರ ತೀರ್ಥರೂಪರು ಉಡುತ್ತಿದ್ದ ಕೈಮಗ್ಗದ ಪಂಚೆ. ಮಗನ ಮದುವೆಯಲ್ಲಿ ಉಡಬೇಕೆಂದು ತೆಗೆದಿಟ್ಟದ್ದು. ಅದೂ ಹೊಸ ನೀರಿನಲ್ಲಿ ಒಗೆಯಲ್ಪಟ್ಟು ಹಳದಿಯಾಗಿತ್ತು. ಸಾಲದ್ದಕ್ಕೆ ತಗಡಿನ ಟ್ರಂಕಿನ ತಳಕ್ಕೆ ತಾಗಿ ಮೂರು ಕಡೆ ತುಕ್ಕಿನ ಕಲೆಯೂ ಬಿದ್ದಿತ್ತು. ಅದನ್ನು ಶುದ್ಧಿ ಮಾಡಿದ ಕ್ರಮವನ್ನೇ ಇಲ್ಲಿ ವಿವರವಾಗಿ ತಿಳಿಸಲಾಗಿದೆ. ಇಂಥ ನೀರು ಇರುವ ಗ್ರಾಮಗಳ ಮುಖಂಡರೂ ಜಮೀನುದಾರರೂ ಇದನ್ನು ತಮ್ಮ ಮನೆಯವರಿಗೂ, ಬಟ್ಟೆ ಒಗೆಯುವವರಿಗೂ ಓದಿ ಹೇಳಬಹುದು.

ಕಲೆ ಬೀಳುವ ಕಾರಣ

ಭೂಮಿಯ ಆಳದಲ್ಲಿ ಗಾಳಿಯ ಸಂಪರ್ಕವಿಲ್ಲದ ಕಡೆ ಕಬ್ಬಿಣವು ನೀರಿನಲ್ಲಿ ಕರಗಿಕೊಂಡಿರುತ್ತದೆ. ಕರಗಿರುವಾಗ ಅದಕ್ಕೆ ಬಣ್ಣ ಕಾಣದು. ಆದಕಾರಣವೇ ನೀರು ಮೇಲಕ್ಕೆ ಬಂದ ಕೂಡಲೇ ತಿಳಿಯಾಗಿ ತೋರುತ್ತದೆ. ಗಾಳಿ ಸೋಕಿದೊಡನೆ ಆ ಕಬ್ಬಿಣವು ನಿಧಾನವಾಗಿ ತುಕ್ಕಾಗಿ ಮಾರ್ಪಟ್ಟು, ಅತಿ ನಯವಾದ ಕೆಂಪು ಮಡ್ಡಿಯಾಗಿ ಕೆಳಗಿಳಿಯುತ್ತದೆ. ತೊಟ್ಟಿಯ ಗೋಡೆಯ ಮೇಲೆ ಕಾಣುವ ಕಾವಿಯ ಪಟ್ಟೆಯು ಇದೇ. ಬಟ್ಟೆಯನ್ನು ನೆನೆಸಿದಾಗ ಈ ಮಾರ್ಪಾಡು ನೂಲಿನ ಎಳೆಗಳ ಒಳಗೇ ನಡೆಯುವುದರಿಂದ ಮಡ್ಡಿಯು ಎಳೆಯ ಸಂದುಗಳಲ್ಲಿ ಕುಳಿತುಬಿಡುತ್ತದೆ.

ಸಾಬೂನು, ವಾಷಿಂಗ್ ಸೋಡಾ, ಬೂದಿಯ ನೀರು ಇವೆಲ್ಲವೂ ಕ್ಷಾರಗುಣದವು. ಕ್ಷಾರವು ಸೇರಿದಷ್ಟೂ ಕರಗಿದ ಕಬ್ಬಿಣವು ಬೇಗನೆ ತುಕ್ಕಾಗುತ್ತದೆ. ತುಕ್ಕಾದ ಮೇಲೆ ಕ್ಷಾರದಲ್ಲಿ ಅದು ಕರಗುವುದೇ ಇಲ್ಲ. ಹೆಚ್ಚು ಸಾಬೂನು ಹಾಕಿದವರ ಬಟ್ಟೆ ಹೆಚ್ಚು ಹಳದಿಯಾಗುವುದಕ್ಕೆ ಇದೇ ಕಾರಣ. ತುಕ್ಕನ್ನು ಕರಗಿಸುವುದು ಹುಳಿ, ಅಂದರೆ ಆಮ್ಲ ಮಾತ್ರ.

ಬ್ಲೀಚಿಂಗ್ ಪುಡಿಯ ಅಪಾಯ

ಬ್ಲೀಚಿಂಗ್ ಪುಡಿಯು ಸಸ್ಯಗಳ ಬಣ್ಣವನ್ನು ಕೆಡಿಸಿ ಬಿಳಿದಾಗಿಸುತ್ತದೆ. ತುಕ್ಕಿನ ಬಣ್ಣವು ಅದಕ್ಕೆ ಬಗ್ಗುವುದಲ್ಲ. ಇಷ್ಟೇ ಆಗಿದ್ದರೆ ಶ್ರಮ ವ್ಯರ್ಥವಾಯಿತೆಂದು ಸುಮ್ಮನಿರಬಹುದಿತ್ತು. ಆದರೆ ಕಬ್ಬಿಣವಿರುವ ಸ್ಥಳದಲ್ಲಿ ಆ ಪುಡಿಯ ಶಕ್ತಿಯು ಅತಿ ತೀವ್ರವಾಗಿ ಕೆಲಸ ಮಾಡಿ ಹತ್ತಿಯ ನೂಲನ್ನೇ ತಿಂದುಹಾಕುತ್ತದೆ. ಆ ದಿನ ಕೇಡು ಕಣ್ಣಿಗೆ ಬೀಳದು. ಮುಂದೆ ಬಿಸಿ ಸಾಬೂನಿನ ನೀರಿನಲ್ಲಿ ಒಗೆದಾಗ ಆ ಜಾಗವು ಉದುರಿ ತೂತಾಗುತ್ತದೆ. ಮೇಲೆ ಹೇಳಿದ ಎರಡು ಪಂಚೆಗಳಿಗೆ ಆದದ್ದು ಇದೇ. ಅಂಗಡಿಯಲ್ಲಿ ದೊರೆಯುವ ಬಿಳುಪುಕಾರಕ ದ್ರವಗಳಿಗೂ, ಹೈಡ್ರೋಜನ್ ಪೆರಾಕ್ಸೈಡಿಗೂ ಈ ಮಾತು ಸಲ್ಲುತ್ತದೆ. ಬಟ್ಟೆಯಲ್ಲಿ ಕಬ್ಬಿಣವು ಉಳಿದಿರುವ ತನಕ ಇವುಗಳನ್ನು ಹತ್ತಿರಕ್ಕೆ ತರಬಾರದು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳತಕ್ಕದ್ದು. ಬ್ಲೀಚಿಂಗ್ ಪುಡಿಯೂ ಯಾವುದೇ ಹುಳಿಯೂ ಒಂದೇ ಪಾತ್ರೆಯಲ್ಲಿ ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿಯು ಹೊರಡುತ್ತದೆ. ಪುಡಿಯಲ್ಲಿ ನೆನೆಸಿದ್ದ ಬಟ್ಟೆಯನ್ನು ಹುಳಿಯ ನೀರಿಗೆ ಹಾಕುವ ಮೊದಲು ಅದರ ವಾಸನೆಯು ಪೂರ್ತಿ ಹೋಗುವ ತನಕ ಹಲವು ನೀರುಗಳಲ್ಲಿ ಜಾಲಿಸಬೇಕು.

ಕಲೆಯನ್ನು ಗುರುತಿಸುವುದು

ಕಂದು ಬಣ್ಣದ ಕಲೆಯೆಲ್ಲಾ ತುಕ್ಕಿನದಲ್ಲ. ಬಾಳೆಯ ಕರೆ, ಅಡಿಕೆಯ ಚೊಗರು ಇವೂ ಹಾಗೆಯೇ ತೋರುತ್ತವೆ. ಅವಕ್ಕೆ ಇಲ್ಲಿ ಹೇಳುವ ಉಪಾಯವು ಸಾಲದು. ಪರೀಕ್ಷೆ ಬಹು ಸುಲಭವಾದದ್ದು. ಹಾಲು ಸಕ್ಕರೆಗಳಿಲ್ಲದ ಗಟ್ಟಿಯಾದ ಚಹಾ ಕಷಾಯದ ಒಂದು ಹನಿಯನ್ನು ಕಲೆಯ ಅಂಚಿನ ಮೇಲೆ ಬಿಟ್ಟು ಕಾಲು ಗಂಟೆ ನೋಡಬೇಕು. ತುಕ್ಕಾಗಿದ್ದರೆ ಹನಿ ಬಿದ್ದ ಜಾಗವು ಬೂದುಗಪ್ಪಾಗುತ್ತದೆ. ಅಳಲೆಕಾಯಿಯಿಂದಲೂ ಕಬ್ಬಿಣದಿಂದಲೂ ಹಿಂದಿನವರು ಶಾಯಿಯನ್ನು ಮಾಡುತ್ತಿದ್ದ ವಿಧಾನವೇ ಇದರ ಮೂಲ. ಬಾಳೆಯ ಕರೆಯಾದರೆ ಕಪ್ಪಾಗುವುದಿಲ್ಲ. ಪರೀಕ್ಷೆಯಿಂದ ಆದ ಕಪ್ಪು ಮುಂದೆ ಹುಳಿಯ ನೀರಿನಲ್ಲಿ ಬಿಡುತ್ತದೆಯಾಗಿ ಭಯಪಡಬೇಕಾದ್ದಿಲ್ಲ. ಆದರೂ ಎದ್ದು ಕಾಣದ ಮೂಲೆಯಲ್ಲಿ ಮಾಡುವುದು ಲೇಸು.

ನೀರಿನಲ್ಲಿರುವ ಕಬ್ಬಿಣವನ್ನೂ ಹೀಗೆಯೇ ತಿಳಿಯಬಹುದು. ಒಂದು ಗಾಜಿನ ಲೋಟದಲ್ಲಿ ಆಗತಾನೇ ಸೇದಿದ ನೀರನ್ನು ತೆಗೆದುಕೊಂಡು ಎರಡು ಎಳೆಯ ಸೀಬೆ ಎಲೆಗಳನ್ನು ಜಜ್ಜಿ ಹಾಕಿ ಕಲಕಬೇಕು. ಕಬ್ಬಿಣವಿದ್ದರೆ ನೀರು ನೇರಳೆ ಛಾಯೆಗೆ ತಿರುಗಿ ಕಪ್ಪಾಗುತ್ತದೆ. ಕಪ್ಪು ಹೆಚ್ಚಿದಷ್ಟೂ ಕಬ್ಬಿಣವು ಹೆಚ್ಚು. ಪಕ್ಕದಲ್ಲಿ ಮಳೆಯ ನೀರಿನ ಲೋಟವೊಂದನ್ನು ಇದೇ ರೀತಿ ಮಾಡಿ ಇಟ್ಟುಕೊಂಡರೆ ಭೇದವು ಸ್ಪಷ್ಟವಾಗುತ್ತದೆ. ಒಂದು ಲೀಟರು ನೀರಿನಲ್ಲಿ ಒಂದು ಮಿಲಿಗ್ರಾಮಿನ ಮೂರನೆಯ ಒಂದು ಪಾಲಿನಷ್ಟು ಕಬ್ಬಿಣವಿದ್ದರೂ ಬಿಳಿಯ ಬಟ್ಟೆಯು ಕಾಲಕ್ರಮದಲ್ಲಿ ಬಣ್ಣ ಕಟ್ಟುತ್ತದೆ.

ಮೊದಲು ನೀರು, ಬಳಿಕ ಬಟ್ಟೆ

ಕಬ್ಬಿಣದ ನೀರಿನಲ್ಲಿಯೇ ಜಾಲಿಸಿದರೆ ತೆಗೆದ ಕಲೆಯು ಮರಳಿ ಬರುತ್ತದೆ. ಆದಕಾರಣ ಹಂಚಿನ ಸೂರಿನಿಂದ ಹಿಡಿದ ಮಳೆಯ ನೀರನ್ನಾಗಲಿ, ಕಬ್ಬಿಣವಿಲ್ಲದ ತೆರೆದ ಬಾವಿಯ ನೀರನ್ನಾಗಲಿ ಮೊದಲು ಒದಗಿಸಿಕೊಳ್ಳಬೇಕು. ಒಂದು ಪಂಚೆಗೆ ಸುಮಾರು 40 ಲೀಟರು ನೀರು ಬೇಕಾಗುತ್ತದೆ.

ಬೇರೆ ನೀರು ಸಿಕ್ಕದಿದ್ದರೆ ಕೊಳವೆ ಬಾವಿಯ ನೀರನ್ನೇ ತಿಳಿಮಾಡಿಕೊಳ್ಳಬಹುದು. ಸಾಯಂಕಾಲ ನೀರನ್ನು ಸೇದಿ, ಒಂದು ಕೊಡದಿಂದ ಇನ್ನೊಂದಕ್ಕೆ ಎತ್ತರದಿಂದ ಹತ್ತಾರು ಸಲ ಸುರಿದು ಚೆನ್ನಾಗಿ ಗಾಳಿಯಾಡಿಸಿ, ಸಿಮೆಂಟಿನ ತೊಟ್ಟಿಯಲ್ಲೋ ಪ್ಲಾಸ್ಟಿಕ್ ಡ್ರಮ್ಮಿನಲ್ಲೋ ರಾತ್ರಿಯೆಲ್ಲಾ ಅಲುಗಿಸದೆ ಇಡಬೇಕು. ಬೆಳಗ್ಗೆ ಕೆಳಗಿನ ಮಡ್ಡಿ ಕದಡದಂತೆ ಮೇಲಿನ ನೀರನ್ನು ಮಾತ್ರ ತೋಡಿ, ತಳದಲ್ಲಿ ತೂತಿರುವ ಮಡಕೆಯಲ್ಲಿ ಒಂದು ಗೇಣು ದಪ್ಪ ಹರಡಿದ, ತೊಳೆದ ಮರಳಿನ ಮೂಲಕ ಸೋಸಬೇಕು. ಸೋಸಿದ ನೀರಿಗೆ ಸೀಬೆ ಎಲೆಯ ಪರೀಕ್ಷೆಯನ್ನು ಮಾಡಿ, ಕಪ್ಪಾಗದಿದ್ದರೆ ಉಪಯೋಗಿಸಬಹುದು. ಇನ್ನೂ ಕಪ್ಪಾದರೆ ಮತ್ತೊಂದು ಸಲ ಗಾಳಿಯಾಡಿಸಿ ಒಂದು ದಿನ ಬಿಡಬೇಕು. ಮೇಲೆ ಹೇಳಿದ ಮನೆಯಲ್ಲಿ ಒಂದೇ ರಾತ್ರಿಗೆ ನೀರು ಸರಿಯಾಗಲಿಲ್ಲ. ಎರಡನೆಯ ದಿನ ಲೋಟದ ನೀರು ಮಳೆಯ ನೀರಿನ ಲೋಟದಂತೆಯೇ ಕಂಡಿತು.

ಬಟ್ಟೆಯೆಲ್ಲಾ ಹಳದಿಯಾಗಿದ್ದರೆ

ಇದಕ್ಕೆ ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪೆಂದು ಮಾರುವ ಸಿಟ್ರಿಕ್ ಆಮ್ಲವೇ ಉತ್ತಮ. ಅದು ತುಕ್ಕನ್ನು ಕರಗಿಸುವುದಲ್ಲದೆ, ಕರಗಿದ ಕಬ್ಬಿಣವು ಮರಳಿ ನೂಲಿಗೆ ಅಂಟದಂತೆ ಹಿಡಿದುಕೊಳ್ಳುತ್ತದೆ. ಪಾತ್ರೆಯು ಪ್ಲಾಸ್ಟಿಕ್ಕಿನದೋ ಪಿಂಗಾಣಿಯದೋ ಆಗಿರಬೇಕು. ಕಬ್ಬಿಣದ ಬಾಣಲೆಯೂ, ತಾಮ್ರದ ಹಂಡೆಯೂ, ಎನಾಮೆಲ್ ಹೋದ ಬೋಗುಣಿಯೂ ಸಲ್ಲವು.

ಪಂಚೆಯನ್ನು ಮೊದಲು ಸಾದಾ ನೀರಿನಲ್ಲಿ ಜಾಲಿಸಿ ಗಂಜಿಯನ್ನೂ ಸಾಬೂನಿನ ಶೇಷವನ್ನೂ ಕಳೆದೆವು. ಬಳಿಕ ಕುದಿಯುವ ನೀರನ್ನೂ ತಣ್ಣೀರನ್ನೂ ಸಮಸಮ ಬೆರೆಸಿ 5 ಲೀಟರು ಮಾಡಿ, ಅದರಲ್ಲಿ 50 ಗ್ರಾಂ, ಅಂದರೆ ಸುಮಾರು ಹತ್ತು ಚಹಾ ಚಮಚ ನಿಂಬೆ ಉಪ್ಪನ್ನು ಪೂರ್ತಿಯಾಗಿ ಕರಗಿಸಿದೆವು. ಒದ್ದೆ ಪಂಚೆಯನ್ನು ಅದರಲ್ಲಿ ಇಳಿಬಿಟ್ಟು, ಯಾವ ಭಾಗವೂ ಮೇಲೆ ತೇಲದಂತೆ ಮರದ ಕೋಲಿನಿಂದ ಆಗಾಗ ತಿರುವುತ್ತಾ ಅರ್ಧ ಗಂಟೆ ಇಟ್ಟೆವು. ನೀರು ಹಳದಿಯಾಗುತ್ತಾ ಬಂದಂತೆ ಬಟ್ಟೆಯು ಬೆಳ್ಳಗಾಗುತ್ತಾ ಬಂದಿತು. ತೆಗೆದು ಜಾಲಿಸಿ ನೋಡಿದಾಗ ಮಡಿಕೆಗಳಲ್ಲಿ ಸ್ವಲ್ಪ ಹಳದಿ ಉಳಿದಿತ್ತು. ಆಗ ಹುಳಿಯನ್ನು ಹೆಚ್ಚಿಸದೆ, ಅಷ್ಟೇ ಹದದ ಹೊಸ ನೀರನ್ನು ಮಾಡಿ ಇನ್ನೊಂದು ಸಲ ಕಾಲು ಗಂಟೆ ಅದ್ದಿದೆವು. ಸೌಮ್ಯವಾದ ಹುಳಿ ಎರಡು ಸಲವಾದರೂ ನೂಲಿಗೆ ಹಿತ. ಕಟುವಾದ ಹುಳಿ ಒಂದೇ ಸಲವಾದರೂ ಅಹಿತ. ಇದನ್ನೇ ಈ ಕೆಲಸದ ಮುಖ್ಯ ಸೂತ್ರವೆಂದು ತಿಳಿಯಬೇಕು.

ನಿಂಬೆಯ ಹಣ್ಣಿನ ರಸವನ್ನೂ ಉಪ್ಪನ್ನೂ ಹಚ್ಚಿ ಬಿಸಿಲಿಗೆ ಹಾಕುವ ಪದ್ಧತಿಯು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಉಂಟು. ಚಿಕ್ಕ ಹೊಸ ಕಲೆಗೆ ಅದು ಸಾಕು. ಬಿಸಿಲಿನ ಬೆಳಕು ತುಕ್ಕು ಕರಗುವುದಕ್ಕೆ ನಿಜವಾಗಿ ಸಹಾಯವನ್ನೂ ಮಾಡುತ್ತದೆ. ಆದರೆ ರಸವು ಬಟ್ಟೆಯ ಮೇಲೆಯೇ ಒಣಗಬಾರದು. ನೀರು ಆರಿದಂತೆ ಹುಳಿಯು ಗಟ್ಟಿಯಾಗಿ, ಬಿಸಿಲಿನ ಶಾಖವೂ ಸೇರಿ ಎಳೆಯನ್ನು ಪೆಡಸು ಮಾಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೀರು ಚಿಮುಕಿಸುತ್ತಾ ಒಂದು ಗಂಟೆಯೊಳಗೆ ತೊಳೆದುಬಿಡತಕ್ಕದ್ದು. ಹುಣಿಸೆಯ ಹಣ್ಣು ಹುಳಿಯಾದರೂ ತನ್ನದೇ ಕಂದು ಬಣ್ಣವನ್ನು ಬಿಡುವುದರಿಂದ ಬಿಳಿಯ ಬಟ್ಟೆಗೆ ಯೋಗ್ಯವಲ್ಲ.

ಟ್ರಂಕಿನ ತುಕ್ಕಿನ ಕಲೆ

ಕಬ್ಬಿಣವು ತಾಗಿ ಬಿದ್ದ ಗಟ್ಟಿ ಕಲೆಯು ನಿಂಬೆ ಉಪ್ಪಿಗೆ ಕೆಲವು ವೇಳೆ ಪೂರ್ತಿ ಬಿಡದು. ಆಗ ಆಕ್ಸಾಲಿಕ್ ಆಮ್ಲವನ್ನು ಉಪಯೋಗಿಸಬೇಕಾಗುತ್ತದೆ. ಇದು ಸಕ್ಕರೆಯಂತೆ ಕಾಣುವ ಬಿಳಿಯ ಹರಳು. ಆದರೆ ಹೊಟ್ಟೆಗೆ ಹೋದರೆ ಪ್ರಾಣಾಪಾಯಕರವಾದ ವಿಷ. ಇದನ್ನು ಅಡಿಗೆಯ ಮನೆಗೆ ತರಬಾರದು. ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗಿಡಬೇಕು. ಇದಕ್ಕೆ ಬಳಸಿದ ಪಾತ್ರೆಯನ್ನೂ ಚಮಚವನ್ನೂ ಬೇರೆ ಯಾವುದಕ್ಕೂ ಬಳಸಬಾರದು. ಕೈಗೆ ರಬ್ಬರು ಕೈಚೀಲವಿಲ್ಲದೆ ಮುಟ್ಟತಕ್ಕದ್ದಲ್ಲ. ಪುಡಿಯ ಧೂಳನ್ನೂ ಬಿಸಿ ನೀರಿನ ಆವಿಯನ್ನೂ ಉಸಿರಿಗೆ ಎಳೆದುಕೊಳ್ಳದಂತೆ ಗಾಳಿಯಾಡುವ ಜಗಲಿಯಲ್ಲಿ ಕುಳಿತು ಮಾಡಬೇಕು.

ಅರ್ಧ ಲೀಟರು ಬಿಸಿ ನೀರಿಗೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಚಹಾ ಚಮಚ ಸಾಕು. ಪಂಚೆಯನ್ನೆಲ್ಲಾ ಅದ್ದದೆ, ಕಲೆಯ ಭಾಗವನ್ನು ಮಾತ್ರ ಹಿಡಿದು ಹತ್ತು ನಿಮಿಷ ಅದ್ದಿದೆವು. ಮೂರು ಕಲೆಗಳಲ್ಲಿ ಒಂದು ಅಷ್ಟಕ್ಕೇ ಮಾಯವಾಯಿತು. ಎರಡನೆಯದು ಜಾಲಿಸಿ ಇನ್ನೊಂದು ಸಲ ಅದ್ದಿದ ಮೇಲೆ ಹೋಯಿತು. ಮೂರನೆಯದು, ಮಡಿಕೆಯ ಮೇಲಿದ್ದದ್ದು, ಎರಡು ಸಲಕ್ಕೂ ತಿಳಿಯಾದ ನೆರಳಿನಂತೆ ಉಳಿಯಿತು. ಮನೆಯಾಕೆಯು ಉಗುರಿನಿಂದ ಉಜ್ಜಲು ಹೋದರು, ತಡೆಯಬೇಕಾಯಿತು. ಹತ್ತಿರದಿಂದ ನೋಡಿದಾಗ ಅಲ್ಲಿಯ ಒಂದೆರಡು ಎಳೆಗಳು ಮೊದಲೇ ಸವೆದು ಹೋಗಿದ್ದವು. ತುಕ್ಕು ವರ್ಷಗಟ್ಟಲೆ ಕುಳಿತರೆ, ಯಾರೂ ಏನೂ ಮಾಡದಿದ್ದರೂ, ಗಾಳಿಯ ಸಹಾಯದಿಂದ ನೂಲನ್ನು ತಾನಾಗಿಯೇ ಕೊರೆಯುತ್ತದೆ. ಅಂಥ ಕಡೆ ಕಲೆಯು ಪೂರ್ತಿ ಹೋದರೆ ಉಳಿಯುವುದು ತೂತೇ. ಆದಕಾರಣ ಅಲ್ಲಿಗೆ ನಿಲ್ಲಿಸಿ, ನಂತರ ಹಿಂಬದಿಯಲ್ಲಿ ತೆಳುವಾದ ಬಟ್ಟೆಯನ್ನಿಟ್ಟು ಹೊಲಿಯುವಂತೆ ಹೇಳಿದೆವು.

ಪಾಯಿಖಾನೆ ತೊಳೆಯುವ ಆಸಿಡ್ಡು ತುಕ್ಕನ್ನು ಕ್ಷಣದಲ್ಲಿ ಕರಗಿಸುತ್ತದೆಂದು ಕೆಲವರು ಬಟ್ಟೆಗೆ ಹಾಕುವುದುಂಟು. ಅದು ಕಲೆಯ ಜೊತೆಗೆ ಹತ್ತಿಯನ್ನೂ ಕಡಿದುಹಾಕುವುದರಿಂದ ಅದನ್ನು ಎಷ್ಟು ನೀರು ಬೆರೆಸಿಯೂ ಬಟ್ಟೆಗೆ ಬಳಸಬಾರದು.

ಹುಳಿಯನ್ನು ಕಳೆಯುವುದು

ಕಲೆ ಹೋದ ಸಂತೋಷದಲ್ಲಿ ಬಟ್ಟೆಯನ್ನು ಹಾಗೆಯೇ ಹಿಂಡಿ ಒಣಹಾಕುವವರೇ ಹೆಚ್ಚು. ನೂಲು ಕೆಡುವುದು ಇಲ್ಲಿಯೇ. ಹುಳಿಯಲ್ಲಿ ಅರ್ಧ ಗಂಟೆ ನೆನೆದದ್ದರಿಂದ ಹತ್ತಿಗೆ ವಿಶೇಷ ಕೇಡಿಲ್ಲ. ಹುಳಿ ಉಳಿದ ಬಟ್ಟೆಯು ಒಣಗಿದಾಗಲೂ, ಅದರ ಮೇಲೆ ಇಸ್ತ್ರಿಯ ಶಾಖ ಬಿದ್ದಾಗಲೂ ಕೇಡುಂಟು.

ಜಾಲಿಸುವುದಕ್ಕೂ ಒಂದು ಕ್ರಮವುಂಟು. ಮೊದಲು ಕಬ್ಬಿಣವಿಲ್ಲದ ನೀರಿನಲ್ಲಿ, ಸಲಕ್ಕೆ 5 ಲೀಟರಿನಂತೆ ಮೂರು ಸಲ ಜಾಲಿಸಬೇಕು. ಆ ಬಳಿಕ ಮಾತ್ರ 5 ಲೀಟರು ನೀರಿಗೆ ಒಂದು ಚಹಾ ಚಮಚ ವಾಷಿಂಗ್ ಸೋಡಾವನ್ನು ಕರಗಿಸಿ ಹತ್ತು ನಿಮಿಷ ನೆನೆಸಿ, ಉಳಿದ ಹುಳಿಯನ್ನು ಮುರಿಯಬೇಕು. ಆತುರದಿಂದ ಜಾಲಿಸುವ ಮೊದಲೇ ಸೋಡಾಕ್ಕೆ ಹಾಕಿದರೆ, ಬಟ್ಟೆಯಲ್ಲಿ ಕರಗಿ ನಿಂತಿರುವ ಕಬ್ಬಿಣವು ಅಲ್ಲಿಯೇ ಮತ್ತೆ ತುಕ್ಕಾಗಿ ಕೂರುತ್ತದೆ. ಮಾಡಿದ ಶ್ರಮವೆಲ್ಲಾ ಹೋಯಿತು. ಸೋಡಾದ ನಂತರ ಎರಡು ಸಲ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು.

ಹುಳಿಯು ಹೋಯಿತೋ ಇಲ್ಲವೋ ಎಂಬುದಕ್ಕೆ ಕೆಂಪು ದಾಸವಾಳವೇ ಸಾಕ್ಷಿ. ಅದರ ದಳಗಳನ್ನು ಬಿಳಿಯ ಕಾಗದದ ಮೇಲೆ ಉಜ್ಜಿದರೆ ನೇರಳೆಯ ಗುರುತಾಗುತ್ತದೆ. ಸೋಡಾಕ್ಕೆ ಹಾಕುವ ಮೊದಲಿನ ಕೊನೆಯ ಜಾಲಿನಲ್ಲಿ ಬಟ್ಟೆಯಿಂದ ಹಿಂಡಿದ ಒಂದು ಹನಿಯನ್ನು ಅದರ ಮೇಲೆ ಬಿಟ್ಟು, ಪಕ್ಕದಲ್ಲಿ ಸಾದಾ ನೀರಿನ ಹನಿಯನ್ನು ಬಿಡಬೇಕು. ಮೊದಲನೆಯದು ಗುಲಾಬಿ ಕೆಂಪಿಗೆ ತಿರುಗಿದರೆ ಹುಳಿ ಇನ್ನೂ ಉಂಟು, ಇನ್ನೊಂದು ಸಲ ಜಾಲಿಸಬೇಕು. ಎಲ್ಲಾ ಮುಗಿದ ಮೇಲೆ ಹಿಂಡಿದ ಹನಿಯು ಹಸಿರು ಛಾಯೆಯನ್ನು ಕೊಟ್ಟರೆ ಸೋಡಾ ಉಳಿದಿದೆಯೆಂದು ತಿಳಿಯಬೇಕು. ಎರಡು ಹನಿಗಳೂ ಒಂದೇ ಬಣ್ಣವಾದಾಗ ಬಟ್ಟೆಯನ್ನು ಒಣಹಾಕಬಹುದು. ಆಕ್ಸಾಲಿಕ್ ಆಮ್ಲವನ್ನು ಬಳಸಿದ ಬಟ್ಟೆಯಲ್ಲಿ ನಾಲಿಗೆಯಿಂದ ಹುಳಿ ನೋಡುವ ಅಭ್ಯಾಸವನ್ನು ಎಂದಿಗೂ ಮಾಡಬಾರದು.

ಗಮನಿಸಬೇಕಾದ ಮಿತಿಗಳು

ಬಣ್ಣದ ಅಂಚಿರುವ ಪಂಚೆಗೂ, ತಿಳಿ ಬಣ್ಣದ ಹತ್ತಿ ಸೀರೆಗೂ ಈ ಕ್ರಮವನ್ನು ಅನುಸರಿಸುವ ಮೊದಲು ಅಂಚಿನ ಒಳಮಗ್ಗುಲಿಗೆ ಹುಳಿಯ ನೀರಿನ ಒಂದು ಹನಿಯನ್ನು ಬಿಟ್ಟು, ಕಾಲು ಗಂಟೆಯ ನಂತರ ಬಿಳಿಯ ಬಟ್ಟೆಯಿಂದ ಒತ್ತಿ ನೋಡಬೇಕು. ಬಣ್ಣವು ಮಾಸಿದರೆ ಅಥವಾ ಹತ್ತಿದರೆ ಆ ಬಟ್ಟೆಯನ್ನು ಪೂರ್ತಿ ಅದ್ದಬಾರದು. ಅಳಲೆ ಮತ್ತು ಕಬ್ಬಿಣದಿಂದ ಕಪ್ಪು ಕಟ್ಟಿದ ಹಳೆಯ ಕಾಲದ ಅಂಚುಗಳು ಹುಳಿ ತಾಗಿದರೆ ಬಣ್ಣ ಬಿಟ್ಟೇ ಬಿಡುತ್ತವೆ. ಏಕೆಂದರೆ ಅಲ್ಲಿ ಬಣ್ಣವೂ ಕಬ್ಬಿಣವೇ.

ನೂಲಿನ ಬಲವನ್ನು ತಿಳಿಯುವುದಕ್ಕೆ ಸೆರಗಿನ ಕೊನೆಯಿಂದ ಒಂದು ಎಳೆಯನ್ನು ಕೆಲಸಕ್ಕೆ ಮುಂಚೆ, ಇನ್ನೊಂದನ್ನು ಬಟ್ಟೆ ಒಣಗಿದ ಮೇಲೆ ಕಿತ್ತು, ಎರಡನ್ನೂ ಕೈಯಿಂದ ಎಳೆದು ಹೋಲಿಸಬೇಕು. ಮೊದಲಿನಂತೆಯೇ ಹಿಡಿತ ಕೊಟ್ಟು ಕಿತ್ತರೆ ಕೆಲಸ ಸರಿಯಾಗಿದೆ. ಪಟ್ಟೆಂದು ಸುಲಭವಾಗಿ ತುಂಡಾದರೆ ಹುಳಿ ಹೆಚ್ಚಾಯಿತೆಂದೋ, ಜಾಲು ಸಾಲದಾಯಿತೆಂದೋ ತಿಳಿದು ಕೂಡಲೇ ಮತ್ತೆ ಜಾಲಿಸಬೇಕು. ನಮ್ಮ ಪಂಚೆಯ ಎರಡು ಎಳೆಗಳಲ್ಲಿಯೂ ಭೇದ ಕಾಣಲಿಲ್ಲ.

ಮರಳಿ ಕಲೆ ಬೀಳದಂತೆ ಆ ಮನೆಯವರು ಮಾಡಿಕೊಂಡ ಏರ್ಪಾಡು ಇಷ್ಟೇ. ಒಗೆಯುವ ನೀರನ್ನು ಹಿಂದಿನ ದಿನವೇ ಸೇದಿ ಗಾಳಿಯಾಡಿಸಿ ಸೋಸುತ್ತಾರೆ. ಮಳೆಗಾಲದಲ್ಲಿ ಸೂರಿನ ನೀರನ್ನು ಹಿಡಿಯುತ್ತಾರೆ. ಬಟ್ಟೆ ಹರವುವ ಕಬ್ಬಿಣದ ತಂತಿಯನ್ನು ತೆಗೆದು ನಾರಿನ ಹಗ್ಗವನ್ನು ಕಟ್ಟಿದ್ದಾರೆ. ಟ್ರಂಕಿನ ಒಳಮೈಗೆ ಹಳೆಯ ಬಟ್ಟೆಯನ್ನು ಹಾಸಿ, ಪೂರ್ತಿ ಒಣಗಿದ ಬಟ್ಟೆಯನ್ನು ಮಾತ್ರ ಅದರಲ್ಲಿಡುತ್ತಾರೆ; ಮಳೆಗಾಲ ಕಳೆದ ಕೂಡಲೇ ಒಮ್ಮೆ ತೆಗೆದು ಗಾಳಿಗೆ ಹಾಕಿ ಮಡಿಕೆಯನ್ನು ಬದಲಿಸುತ್ತಾರೆ. ಮೂರನೆಯ ಕಲೆಯಿದ್ದ ಭಾಗವು ಒಳಮಡಿಕೆಗೆ ಬರುವಂತೆ ಉಟ್ಟು, ಯಜಮಾನರು ಆ ಪಂಚೆಯಲ್ಲಿಯೇ ಮಗನ ಧಾರೆಯನ್ನು ನಡೆಸಿದರು.